ಖಾಲಿ ತೊಟ್ಟಿ ಮೇಲೇಳುವುದೇಕೆ? ಅಂತರ್ಜಲದ ಮೇಲ್ನೂಕು ಮತ್ತು ಅದರ ನಿವಾರಣೆ

ಹೈದರಾಬಾದಿನ ಅಮೀರ್‌ಪೇಟ್ ಬಡಾವಣೆಯು ತರಬೇತಿ ಕೇಂದ್ರಗಳಿಗೂ ವಿದ್ಯಾರ್ಥಿ ನಿಲಯಗಳಿಗೂ ಹೆಸರಾದುದು. ಇಲ್ಲಿ ನಿವೇಶನಗಳು ಕಿರಿದು, ಜನವಸತಿ ದಟ್ಟ. ಆದುದರಿಂದ ನೀರಿನ ಸಂಗ್ರಹ, ವಾಹನಗಳ ನಿಲುಗಡೆ, ದಾಸ್ತಾನು ಮುಂತಾದ ಅಗತ್ಯಗಳನ್ನು ನೆಲದಡಿಯಲ್ಲಿಯೇ ಪೂರೈಸಿಕೊಳ್ಳುವುದು ವಾಡಿಕೆ. ನೀರಿನ ಸಂಪು ಹಾಗೂ ಸ್ಥಳೀಯರು 'ಸೆಲ್ಲಾರ್' ಎಂದು ಕರೆಯುವ ನೆಲಮಾಳಿಗೆ ಇಲ್ಲಿ ಸಾಮಾನ್ಯ. ಹೀಗೆ ಭೂಮಿಯೊಳಗೆ ಹುದುಗಿಸಿದ ರಚನೆಯು ತನ್ನ ಸ್ಥಾನದಿಂದ ಕದಲಲಾರದೆಂದು ಜನರು ಭಾವಿಸುವುದು ಸಹಜ. ಆದರೆ ಸುತ್ತಲಿನ ಮಣ್ಣಿನಲ್ಲಿ ನೀರು ತುಂಬಿರುವಾಗ ಖಾಲಿ ತೊಟ್ಟಿಯು ಕಾಂಕ್ರೀಟಿನದೇ ಆಗಿದ್ದರೂ ದೋಣಿಯಂತೆ ಮೇಲೇಳಬಲ್ಲದು.

ಮೇಲ್ನೂಕು ಉಂಟಾಗುವ ಬಗೆ

ಖಾಲಿ ಕೊಡವನ್ನು ಬಾವಿಗೆ ಬಿಟ್ಟರೆ ಅದು ತೇಲುತ್ತದೆ. ಕೈಯಿಂದ ಒತ್ತಿದಷ್ಟೂ ಮೇಲಕ್ಕೆ ನೂಕುತ್ತದೆ. ನೀರು ತುಂಬಿದೊಡನೆ ಅದೇ ಕೊಡ ಮುಳುಗುತ್ತದೆ. ಮುಳುಗಿದ ವಸ್ತುವು ಎಷ್ಟು ನೀರನ್ನು ಪಕ್ಕಕ್ಕೆ ಸರಿಸಿರುವುದೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲವು ಅದನ್ನು ಮೇಲಕ್ಕೆ ನೂಕುತ್ತದೆಂಬ ಆರ್ಕಿಮಿಡೀಸನ ನಿಯಮವು ಭೂಮಿಯೊಳಗಿನ ತೊಟ್ಟಿಗೂ ಅನ್ವಯಿಸುತ್ತದೆ. ಮಣ್ಣಿನ ಕಣಗಳ ನಡುವೆ ನಿಂತ ನೀರು ಕೆರೆಯ ನೀರಿನಷ್ಟೇ ಒತ್ತಡವನ್ನು ತೊಟ್ಟಿಯ ತಳದ ಮೇಲೆ ಹೇರುತ್ತದೆ. ಇದಕ್ಕೆ ನೀರಿನ ಪ್ರಮಾಣ ಹೆಚ್ಚಿರಬೇಕೆಂದಿಲ್ಲ. ಗೋಡೆ ಮತ್ತು ಮಣ್ಣಿನ ನಡುವೆ ಬೆರಳಗಲದ ಸಂದಿನಲ್ಲಿ ಎರಡು ಮೀಟರ್ ಎತ್ತರಕ್ಕೆ ನೀರು ನಿಂತು ತಳದಡಿಗೆ ಹರಡಿದರೂ ಪ್ರತಿ ಚದರ ಮೀಟರ್ ತಳದ ಮೇಲೆ ಎರಡು ಟನ್ನುಗಳ ಮೇಲ್ನೂಕು ಉಂಟಾಗುತ್ತದೆ.

ಕೊಳವೆ ಬಾವಿಯ ಮಟ್ಟವನ್ನು ನಂಬಬಹುದೇ?

ಹೈದರಾಬಾದ್ ನಗರವು ಗ್ರಾನೈಟ್ ಶಿಲೆಯ ಮೇಲೆ ನಿಂತಿದೆ. ಮೇಲ್ಭಾಗದಲ್ಲಿ ಮಣ್ಣು, ಅದರಡಿ ಶಿಥಿಲಗೊಂಡ ಶಿಲೆಯಾದ ಮೊರಂ, ಇನ್ನೂ ಕೆಳಗೆ ಗಟ್ಟಿ ಬಂಡೆ ಇರುತ್ತದೆ. ಕೊಳವೆ ಬಾವಿಗಳು ಬಂಡೆಯ ಆಳದ ಬಿರುಕುಗಳಿಂದ ನೀರನ್ನು ಎತ್ತುತ್ತವೆ. ಬೇಸಿಗೆಯಲ್ಲಿ ಅವುಗಳ ನೀರು ಬಹಳ ಕೆಳಗಿಳಿಯುವುದನ್ನು ಕಂಡವರು, ಮೇಲ್ಪದರದಲ್ಲಿ ಅಂತರ್ಜಲದ ಭಯವಿಲ್ಲವೆಂದು ತೀರ್ಮಾನಿಸುತ್ತಾರೆ. ಈ ತೀರ್ಮಾನ ಸರಿಯಲ್ಲ. ತೊಟ್ಟಿಗಾಗಿ ಬಂಡೆಯಲ್ಲಿ ಅಥವಾ ಬಿಗಿಯಾದ ಮೊರಂನಲ್ಲಿ ತೋಡಿದ ಗುಂಡಿಯು ಬೋಗುಣಿಯಂತಿರುತ್ತದೆ. ಕಟ್ಟಡದ ಕೆಲಸ ಮುಗಿದ ಮೇಲೆ ಗೋಡೆಯ ಸುತ್ತ ಸಡಿಲವಾದ ಮಣ್ಣನ್ನೋ ಒಡೆದ ಇಟ್ಟಿಗೆ ಚೂರುಗಳನ್ನೋ ತುಂಬಿಬಿಡುತ್ತಾರೆ. ಮಳೆಯ ನೀರು, ಸೋರುವ ಕೊಳಾಯಿಯ ನೀರು, ಚರಂಡಿಯ ನೀರು ಎಲ್ಲವೂ ಈ ಬೋಗುಣಿಗೆ ಇಳಿದು, ಹೊರಹೋಗಲು ದಾರಿಯಿಲ್ಲದೆ ನಿಲ್ಲುತ್ತವೆ. ಆಗ ಕೊಳವೆ ಬಾವಿ ಬತ್ತಿದ್ದರೂ ತೊಟ್ಟಿಯ ಸುತ್ತ ನೀರು ನೆಲಮಟ್ಟದವರೆಗೆ ಇರಬಹುದು.

ಅಮೀರ್‌ಪೇಟೆಗೆ ಹೊಂದಿಕೊಂಡ ಬೇಗಂಪೇಟೆಯ ಹವಾಮಾನ ಕೇಂದ್ರದಲ್ಲಿ 2000ದ ಆಗಸ್ಟ್ ತಿಂಗಳಿನಲ್ಲಿ ಒಂದೇ ದಿನ ಸುಮಾರು 24 ಸೆಂಟಿಮೀಟರ್ ಮಳೆ ದಾಖಲಾಯಿತು. 2020ರ ಅಕ್ಟೋಬರ್‌ನಲ್ಲಿ ಒಂದು ದಿನದ ಮಳೆ ಸುಮಾರು 19 ಸೆಂಟಿಮೀಟರ್‌ಗಳಷ್ಟಾಗಿ, ನಗರದ ಅನೇಕ ಸೆಲ್ಲಾರ್‌ಗಳಿಗೆ ನೀರು ನುಗ್ಗಿತು. ಆದುದರಿಂದ ಇಂತಹ ಪ್ರದೇಶದಲ್ಲಿ ನೀರು ನೆಲಮಟ್ಟದವರೆಗೆ ಏರಬಹುದೆಂದೇ ಎಣಿಸಿ ತೊಟ್ಟಿಯನ್ನು ವಿನ್ಯಾಸ ಮಾಡುವುದು ಕ್ಷೇಮಕರ.

ಒಂದು ಸಂಪಿನ ಲೆಕ್ಕ

ಒಂದು ವಿದ್ಯಾರ್ಥಿ ನಿಲಯದ ಸಂಪನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಒಳ ಅಳತೆ 5 ಮೀಟರ್ ಉದ್ದ, 3 ಮೀಟರ್ ಅಗಲ, 2.5 ಮೀಟರ್ ಆಳ. ಗೋಡೆ ಮತ್ತು ತಳದ ದಪ್ಪ 20 ಸೆಂಟಿಮೀಟರ್, ಮೇಲ್ಚಾವಣಿಯ ದಪ್ಪ 15 ಸೆಂಟಿಮೀಟರ್. ಚಾವಣಿಯ ಮೇಲ್ಮೈ ಅಂಗಳದ ಮಟ್ಟಕ್ಕೆ ಸಮನಾಗಿದೆ.

ಈ ಸಂಪಿಗೆ ಬಳಸಿದ ಕಾಂಕ್ರೀಟ್ ಸುಮಾರು 14.8 ಘನ ಮೀಟರ್. ಘನ ಮೀಟರಿಗೆ ಎರಡೂವರೆ ಟನ್ನಿನಂತೆ ಅದರ ತೂಕ 37 ಟನ್. ಹೊರ ಅಳತೆಯ ಪ್ರಕಾರ ಸಂಪು ಆಕ್ರಮಿಸುವ ಸ್ಥಳ ಸುಮಾರು 52 ಘನ ಮೀಟರ್. ಸುತ್ತಲಿನ ನೀರು ನೆಲಮಟ್ಟಕ್ಕೆ ಬಂದಾಗ ಮೇಲ್ನೂಕು ಬಲವು 52 ಟನ್ ಆಗುತ್ತದೆ. ಅಂದರೆ ಸಂಪು ಖಾಲಿಯಿದ್ದಲ್ಲಿ 15 ಟನ್ನುಗಳಷ್ಟು ಬಲವು ಅದನ್ನು ಮೇಲಕ್ಕೆತ್ತಲು ಉಳಿಯುತ್ತದೆ. ಸಂಪು ತುಂಬಿದ್ದರೆ ಒಳಗಿನ ನೀರೇ 37 ಟನ್ನಿಗಿಂತ ಸ್ವಲ್ಪ ಹೆಚ್ಚು ತೂಗುವುದರಿಂದ ಯಾವ ಅಪಾಯವೂ ಇಲ್ಲ. ವರ್ಷಾನುಗಟ್ಟಲೆ ಅಲುಗಾಡದಿದ್ದ ಸಂಪು, ಶುಚಿಗೊಳಿಸಲೆಂದು ಬರಿದು ಮಾಡಿದ ದಿನವೇ ಮೇಲೇಳುವುದರ ಕಾರಣ ಇದೇ.

ತೂಕವು ಮೇಲ್ನೂಕಿಗೆ ಕೇವಲ ಸಮನಾಗಿದ್ದರೆ ಸಾಲದು. ತೊಟ್ಟಿ ಖಾಲಿಯಿರುವ ಸ್ಥಿತಿಯಲ್ಲಿ ತೂಕವು ಮೇಲ್ನೂಕಿನ 1.2 ಪಟ್ಟಾದರೂ ಇರುವಂತೆ ವಿನ್ಯಾಸಕಾರರು ನೋಡಿಕೊಳ್ಳುತ್ತಾರೆ. ಮೇಲಿನ ಸಂಪಿಗೆ ಈ ನಿಯಮದ ಪ್ರಕಾರ ಬೇಕಾದ ತೂಕ ಸುಮಾರು 63 ಟನ್. ಕೊರತೆ 26 ಟನ್. ಗೋಡೆಗೂ ಮಣ್ಣಿಗೂ ನಡುವಿನ ಘರ್ಷಣೆಯು ಸ್ವಲ್ಪ ನೆರವಾಗುವುದಾದರೂ ಒದ್ದೆ ಮಣ್ಣಿನಲ್ಲಿ ಅದನ್ನು ನೆಚ್ಚುವಂತಿಲ್ಲ. ಲೆಕ್ಕದಲ್ಲಿ ಸೇರಿಸದಿರುವುದೇ ಲೇಸು.

ಕಟ್ಟುವಾಗ ಕೈಗೊಳ್ಳಬಹುದಾದ ಉಪಾಯಗಳು

ತಳವನ್ನು ದಪ್ಪ ಮಾಡುವುದು ಮೊದಲು ಹೊಳೆಯುವ ಉಪಾಯ. ಆದರೆ ದಪ್ಪ ಹೆಚ್ಚಿದಂತೆ ತೊಟ್ಟಿಯು ಇನ್ನಷ್ಟು ಆಳಕ್ಕಿಳಿದು ಇನ್ನಷ್ಟು ನೀರನ್ನು ಸರಿಸುವುದರಿಂದ, ಎರಡೂವರೆ ಟನ್ ಕಾಂಕ್ರೀಟಿನಿಂದ ದೊರೆಯುವ ನಿಜವಾದ ಲಾಭ ಒಂದೂವರೆ ಟನ್ ಮಾತ್ರ. ಈ ಸಂಪಿನ ಕೊರತೆಯನ್ನು ಹೀಗೆ ತುಂಬಲು ತಳವನ್ನು ಸುಮಾರು 1.1 ಮೀಟರಿನಷ್ಟು ಹೆಚ್ಚು ದಪ್ಪ ಮಾಡಬೇಕಾಗುತ್ತದೆ. ಇದು ದುಬಾರಿ.

ತಳದ ಹಲಗೆಯನ್ನು ಗೋಡೆಯಿಂದಾಚೆಗೆ ನಾಲ್ಕೂ ದಿಕ್ಕಿಗೆ ಅಂಚಿನಂತೆ ಚಾಚುವುದು ಇದಕ್ಕಿಂತ ಮಿತವ್ಯಯದ ವಿಧಾನ. ಅಂಚಿನ ಮೇಲೆ ಕೂರುವ ಮಣ್ಣು ತೊಟ್ಟಿಯನ್ನು ಒತ್ತಿ ಹಿಡಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಅರ್ಧ ಮೀಟರ್ ಚಾಚಿದರೆ ಅಂಚಿನ ಮೇಲೆ ಸುಮಾರು 26 ಘನ ಮೀಟರ್ ಮಣ್ಣು ನಿಲ್ಲುತ್ತದೆ. ನೀರಿನಲ್ಲಿ ಮುಳುಗಿದ ಮಣ್ಣಿನ ಪರಿಣಾಮಕಾರಿ ತೂಕವನ್ನು ಘನ ಮೀಟರಿಗೆ 0.9 ಟನ್ ಎಂದು ಹಿಡಿದರೆ 23 ಟನ್, ಅಂಚಿನ ಕಾಂಕ್ರೀಟಿನಿಂದ 3 ಟನ್, ಒಟ್ಟು 26 ಟನ್ ದೊರೆತು ಕೊರತೆಯು ತುಂಬುತ್ತದೆ. ಆದರೆ ಮಣ್ಣನ್ನು ತೆಳುವಾದ ಪದರಗಳಲ್ಲಿ ಹಾಕಿ ದಮ್ಮಸ್ಸು ಮಾಡಿರಬೇಕು. ಅಂಚಿನಲ್ಲಿ ಬಾಗುವಿಕೆಯನ್ನು ತಾಳುವಷ್ಟು ಉಕ್ಕಿನ ಸರಳುಗಳಿರಬೇಕು. ಮುಂದೆ ಯಾರಾದರೂ ಕೊಳವೆ ಹಾಕಲು ಆ ಮಣ್ಣನ್ನು ತೋಡಿ ತೆಗೆದರೆ ಭದ್ರತೆಯೂ ಅದರೊಡನೆ ಹೋಗುತ್ತದೆ ಎಂಬುದನ್ನು ಮರೆಯಬಾರದು.

ಅಂಚು ಚಾಚಲು ಸ್ಥಳವಿಲ್ಲದ ಕಡೆ, ಗಟ್ಟಿ ಬಂಡೆಯು ಸಮೀಪದಲ್ಲಿದ್ದರೆ, ತಳದ ಮೂಲಕ ಬಂಡೆಗೆ ರಂಧ್ರ ಕೊರೆದು ಉಕ್ಕಿನ ಸರಳುಗಳನ್ನಿಟ್ಟು ಸಿಮೆಂಟ್ ಗಾರೆಯಿಂದ ಬಂಧಿಸಬಹುದು. ಸರಳುಗಳು ತುಕ್ಕು ಹಿಡಿಯದಂತೆ ರಕ್ಷಣೆ ನೀಡುವುದೂ ಕೆಲವನ್ನು ಎಳೆದು ಪರೀಕ್ಷಿಸುವುದೂ ಅವಶ್ಯ. ಹೂಳುವ ಪ್ಲಾಸ್ಟಿಕ್ ಅಥವಾ ಫೈಬರ್ ತೊಟ್ಟಿಗಳಿಗೆ ಸ್ವಂತ ತೂಕವು ಅತ್ಯಲ್ಪವಾದುದರಿಂದ, ಅವುಗಳನ್ನು ಕಾಂಕ್ರೀಟ್ ಹಲಗೆಗೆ ಪಟ್ಟಿಗಳಿಂದ ಬಿಗಿಯದೆ ಹೂಳಲೇಬಾರದು.

ನೆಲಮಾಳಿಗೆಯ ವಿಶೇಷ

ಬಹುಮಹಡಿ ಕಟ್ಟಡದ ಅಡಿಯಲ್ಲಿರುವ ಸೆಲ್ಲಾರ್ ಮೇಲಿನ ಅಂತಸ್ತುಗಳ ತೂಕದಿಂದಾಗಿ ಇಡಿಯಾಗಿ ಮೇಲೇಳುವುದು ಅಪರೂಪ. ಆದರೆ ಅದರ ನೆಲಹಾಸು ಮಾತ್ರ ಪ್ರತ್ಯೇಕವಾಗಿ ಸೋಲಬಹುದು. 15 ಸೆಂಟಿಮೀಟರ್ ದಪ್ಪದ ನೆಲಹಾಸಿನ ತೂಕ ಚದರ ಮೀಟರಿಗೆ 375 ಕಿಲೋಗ್ರಾಂ. ಅದರಡಿಯಲ್ಲಿ ಎರಡು ಮೀಟರ್ ನೀರಿನ ಒತ್ತಡವಿದ್ದರೆ ಮೇಲ್ನೂಕು 2,000 ಕಿಲೋಗ್ರಾಂ. ಆಗ ಕಂಬಗಳ ನಡುವಿನ ನೆಲವು ಉಬ್ಬಿ ಬಿರುಕು ಬಿಡುತ್ತದೆ. ಮೇಲ್ಗಡೆ ಕಟ್ಟಡವಿಲ್ಲದೆ ಅಂಗಳದಡಿಗೆ ಚಾಚಿದ ಭಾಗವು ಹೆಚ್ಚು ಅಪಾಯಕ್ಕೊಳಗಾಗುತ್ತದೆ. ನೆಲಹಾಸನ್ನು ಕಂಬ ಮತ್ತು ಗೋಡೆಗಳೊಡನೆ ಬೆಸೆದು ಮೇಲ್ಮುಖ ಒತ್ತಡಕ್ಕೂ ತಕ್ಕಂತೆ ಸರಳುಗಳನ್ನಿಡಬೇಕು. ಇಲ್ಲವೆ ಅದರಡಿಯಲ್ಲಿ ಜಲ್ಲಿಯ ಪದರ ಹಾಗೂ ರಂಧ್ರಗಳುಳ್ಳ ಕೊಳವೆಗಳನ್ನು ಹಾಕಿ, ಬಂದ ನೀರನ್ನು ಒಂದು ಗುಂಡಿಗೆ ಹರಿಸಿ ಪಂಪಿನಿಂದ ಹೊರಹಾಕಬೇಕು. ಎರಡನೆಯ ವಿಧಾನವು ಪಂಪು ನಡೆಯುವವರೆಗೆ ಮಾತ್ರ ಕ್ಷೇಮ. ಭಾರಿ ಮಳೆಯ ಹೊತ್ತಿಗೇ ವಿದ್ಯುತ್ ಕೈಕೊಡುವುದರಿಂದ ಎರಡನೆಯ ಪಂಪು ಮತ್ತು ಜನರೇಟರ್ ಇರಲೇಬೇಕು.

ಕಟ್ಟಡವು ನಿರ್ಮಾಣದಲ್ಲಿರುವಾಗ ಅಪಾಯ ಇನ್ನೂ ಹೆಚ್ಚು. ಮೇಲಿನ ಅಂತಸ್ತುಗಳ ತೂಕ ಬರುವ ಮೊದಲೇ ಗುಂಡಿಯ ನೀರೆತ್ತುವುದನ್ನು ನಿಲ್ಲಿಸಬಾರದು. ಹಠಾತ್ತನೆ ಮಳೆ ಬಂದು ಪಂಪುಗಳು ಸಾಲದಾದರೆ, ಸೆಲ್ಲಾರ್‌ನೊಳಕ್ಕೆ ನೀರನ್ನು ಬಿಟ್ಟುಕೊಳ್ಳುವುದೇ ರಚನೆಯನ್ನು ಉಳಿಸುವ ಮಾರ್ಗ.

ಈಗಾಗಲೇ ಇರುವ ಸಂಪಿಗೆ

ಸಂಪಿನ ಪಕ್ಕದಲ್ಲಿ ತಳದ ಮಟ್ಟದವರೆಗೆ ರಂಧ್ರಗಳುಳ್ಳ ನಾಲ್ಕು ಅಂಗುಲದ ಕೊಳವೆಯೊಂದನ್ನು ಸುತ್ತ ಜಲ್ಲಿ ತುಂಬಿ ಇಳಿಸಿ, ಮುಚ್ಚಳ ಹಾಕಿಡಬೇಕು. ಅಳತೆ ಪಟ್ಟಿಯನ್ನು ಅದರೊಳಗೆ ಬಿಟ್ಟರೆ ಹೊರಗಿನ ನೀರಿನ ಮಟ್ಟ ತಿಳಿಯುತ್ತದೆ. ಮೇಲೆ ಹೇಳಿದ ಸಂಪಿನಲ್ಲಿ ಹೊರಗಿನ ನೀರು ನೆಲದಿಂದ 1.2 ಮೀಟರಿಗಿಂತ ಕೆಳಗಿದ್ದರೆ ಮಾತ್ರ ಪೂರ್ತಿ ಬರಿದು ಮಾಡಬಹುದು. ಅದು ನೆಲಮಟ್ಟದಲ್ಲಿರುವಾಗ ಒಳಗೆ ಕನಿಷ್ಠ 1.7 ಮೀಟರ್ ನೀರನ್ನು ಉಳಿಸಲೇಬೇಕು. ಅಳತೆಗಳು ಬೇರೆಯಾದರೆ ಈ ಅಂಕಿಗಳೂ ಬೇರೆಯಾಗುತ್ತವೆ. ಆದುದರಿಂದ ತಮ್ಮ ಸಂಪಿನ ಲೆಕ್ಕವನ್ನು ಎಂಜಿನಿಯರರಿಂದ ಮಾಡಿಸಿ, ಉಳಿಸಬೇಕಾದ ನೀರಿನ ಮಟ್ಟವನ್ನು ಒಳಗೋಡೆಯ ಮೇಲೆ ಬಣ್ಣದ ಗೆರೆಯಿಂದ ಗುರುತಿಸಬೇಕು. ಶುಚಿಗೊಳಿಸುವ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಬೇಕು. ಶೌಚ ಗುಂಡಿಗಳನ್ನು ಮಳೆಗಾಲದ ನಡುವೆ ಹೀರುವ ವಾಹನದಿಂದ ಒಮ್ಮೆಲೇ ಬರಿದು ಮಾಡುವುದೂ ಇದೇ ಅಪಾಯಕ್ಕೆ ಎಡೆಮಾಡುತ್ತದೆ.

ನೆರೆಯ ನೀರು ಸೆಲ್ಲಾರ್ ಅಥವಾ ಸಂಪಿಗೆ ನುಗ್ಗಿದಾಗ ಅದನ್ನು ಒಂದೇ ರಾತ್ರಿಯಲ್ಲಿ ಹೊರಹಾಕುವ ಆತುರ ಸಲ್ಲದು. ರಸ್ತೆಯ ನೀರು ಇಳಿದರೂ ಮಣ್ಣಿನೊಳಗಿನ ನೀರು ನಿಧಾನವಾಗಿಯೇ ಇಳಿಯುತ್ತದೆ. ಕೊಳವೆಯಲ್ಲಿ ಹೊರಗಿನ ಮಟ್ಟ ಇಳಿದಂತೆ ಒಳಗಿನ ಮಟ್ಟವನ್ನೂ ಹಂತಹಂತವಾಗಿ ಇಳಿಸಬೇಕು. ಒಳಗಿಳಿಯುವ ಮುನ್ನ ವಿದ್ಯುತ್ ಸಂಪರ್ಕವನ್ನು ತೆಗೆಸಿರಬೇಕು.

ಸಂಪಿನ ಮುಚ್ಚಳ ಅಂಗಳಕ್ಕಿಂತ ಮೇಲೆದ್ದಿರುವುದು, ಸುತ್ತ ಹೊಸ ಬಿರುಕಿನ ಗೆರೆ ಕಾಣುವುದು, ಗೋಡೆಯನ್ನು ಸೇರುವಲ್ಲಿ ಕೊಳವೆಗಳು ಬಾಗುವುದು ಅಥವಾ ಮುರಿಯುವುದು, ಸೆಲ್ಲಾರ್‌ನ ನೆಲದ ಬಿರುಕಿನಿಂದ ನೀರು ಚಿಮ್ಮುವುದು ಇವು ಮೇಲ್ನೂಕಿನ ಲಕ್ಷಣಗಳು. ಇವುಗಳಲ್ಲಿ ಯಾವುದು ಕಂಡರೂ ನೀರೆತ್ತುವುದನ್ನು ಕೂಡಲೇ ನಿಲ್ಲಿಸಿ, ಒಳಕ್ಕೆ ಮರಳಿ ನೀರು ತುಂಬಬೇಕು. ಒಮ್ಮೆ ಮೇಲೆದ್ದ ತೊಟ್ಟಿಯ ಅಡಿಗೆ ಮಣ್ಣು ಜರಿದು ಸೇರುವುದರಿಂದ ಅದು ಮತ್ತೆ ತನ್ನ ಮೊದಲಿನ ಸ್ಥಾನಕ್ಕೆ ಕೂರುವುದಿಲ್ಲ. ಬಹುಮಟ್ಟಿಗೆ ಒಡೆದು ಹೊಸದಾಗಿಯೇ ಕಟ್ಟಬೇಕಾಗುತ್ತದೆ.