ಅರ್ಧ ಗಂಟೆಯ ಸಭೆಗೆ ಗಡಿಯಾರದ ಅಜೆಂಡಾ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಕಾರ್ಯಕಾರಿ ಸಮಿತಿಗಳು ಸಾಮಾನ್ಯವಾಗಿ ವಾರದ ನಡುವಿನ ಒಂದು ಸಂಜೆ ಸೇರುತ್ತವೆ. ಒಬ್ಬರು ಆಗಷ್ಟೇ ಆಫೀಸಿನಿಂದ ಬಂದಿರುತ್ತಾರೆ, ಇನ್ನೊಬ್ಬರಿಗೆ ಮಗುವಿನ ಹೋಂವರ್ಕ್ ನೋಡುವುದಿರುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸೋಣ ಎಂದೇ ಎಲ್ಲರೂ ಕೂರುತ್ತಾರೆ. ಗೇಟಿನ ಬಣ್ಣ ಯಾವುದಿರಬೇಕು ಎಂಬ ಮಾತಿಗೇ ಇಪ್ಪತ್ತು ನಿಮಿಷ ಹೋಗಿ, ಬೇಸಿಗೆಯ ನೀರಿನ ವಿಷಯ ಮುಂದಿನ ಸಭೆಗೆ ಜಾರುತ್ತದೆ. ಬ್ರಿಟಿಷ್ ಲೇಖಕ ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ಅವರು ಕಲ್ಪಿಸಿದ ಸಮಿತಿಯೊಂದು ಅಣು ಸ್ಥಾವರದ ಖರ್ಚಿಗೆ ನಿಮಿಷಗಳಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ಶೆಡ್ಡಿನ ಚಾವಣಿಯ ಬಗ್ಗೆ ದೀರ್ಘವಾಗಿ ವಾದಿಸುತ್ತದೆ. ಸ್ಥಾವರ ಅರ್ಥವಾಗುವುದು ಕೆಲವರಿಗೆ ಮಾತ್ರ, ಶೆಡ್ಡಿನ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯವಿರುತ್ತದೆ.

ಇದಕ್ಕೆ ಮದ್ದು ಎಂದು ಅನೇಕರು ಪ್ರತಿ ವಿಷಯದ ಮುಂದೆ ‘10 ನಿಮಿಷ’, ‘5 ನಿಮಿಷ’ ಎಂದು ಬರೆದು ಕಳಿಸುತ್ತಾರೆ. ಆದರೂ ಸಭೆ ಹಳೆಯ ದಾರಿಯಲ್ಲೇ ಸಾಗುತ್ತದೆ. ಆ ಸಂಖ್ಯೆಗಳನ್ನು ಅಂದಾಜಿನಲ್ಲಿ ಹಾಕಿರುವುದೇ ಇದಕ್ಕೆ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಸಮಿತಿಯಲ್ಲಿ ಏಳು ಜನ ಇದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರು ಒಂದೊಂದೇ ನಿಮಿಷ ಮಾತಾಡಿದರೂ ಏಳು ನಿಮಿಷ ಆಯಿತು. ವಿಷಯ ಮಂಡಿಸಲು ಒಂದು ನಿಮಿಷ, ಮಾತುಗಳನ್ನು ಒಂದು ತೀರ್ಮಾನಕ್ಕೆ ತರಲು ನಾಲ್ಕು ನಿಮಿಷ ಬೇಕು. ಒಟ್ಟು ಹನ್ನೆರಡು. ಏಳು ಜನರ ಚರ್ಚೆಗೆ ಐದು ನಿಮಿಷ ಕೊಟ್ಟರೆ ಅದು ಮೀರುವುದು ಖಂಡಿತ. ಐದು ನಿಮಿಷದಲ್ಲಿ ಒಪ್ಪಿಗೆ ಪಡೆಯಬಹುದು, ಚರ್ಚೆ ಮಾಡಲಾಗದು. ಹಾಗಾಗಿ ನಿಮಿಷ ಹಂಚುವ ಮೊದಲು ಈ ವಿಷಯಕ್ಕೆ ಎಲ್ಲರ ಮಾತು ಬೇಕೇ, ಇಬ್ಬರದು ಸಾಕೇ, ಬರೀ ಒಪ್ಪಿಗೆಯೇ ಎಂದು ಕೇಳಿಕೊಳ್ಳಬೇಕು. ಎಲ್ಲರ ಮಾತು ಬೇಕಾದ ಎರಡು ವಿಷಯ ಅರ್ಧ ಗಂಟೆಯಲ್ಲಿ ಹಿಡಿಯುವುದೇ ಇಲ್ಲ. ಒಂದನ್ನು ಇಟ್ಟುಕೊಂಡು ಇನ್ನೊಂದಕ್ಕೆ ಬೇರೆ ದಿನ ನೋಡುವುದೇ ಸರಿ.

ಒಂದು ಉದಾಹರಣೆ ನೋಡೋಣ. ನಲವತ್ತೆಂಟು ಮನೆಗಳ ಕಟ್ಟಡ, ಏಳು ಜನರ ಸಮಿತಿ. ಬುಧವಾರದ ಸಭೆಗೆ ಕಾರ್ಯದರ್ಶಿ ಮಂಗಳವಾರ ಬೆಳಿಗ್ಗೆಯೇ ಗುಂಪಿಗೆ ಕಳಿಸುವ ಸಂದೇಶ ಹೀಗಿರಬಹುದು:

7:00 – ಕಳೆದ ಸಭೆಯಲ್ಲಿ ವಹಿಸಿದ ಕೆಲಸಗಳು ಏನಾದವು
7:03 – ಟ್ಯಾಂಕರ್ ನೀರು: ಏಪ್ರಿಲ್, ಮೇ ತಿಂಗಳಿಗೆ ಒಬ್ಬರೇ ಸರಬರಾಜುದಾರರ ಜೊತೆ ಕರಾರು ಮಾಡಿಕೊಳ್ಳೋಣವೇ? ಎಲ್ಲರೂ ಮಾತಾಡಿ ತೀರ್ಮಾನ
7:15 – ಲಿಫ್ಟ್ ಎಎಂಸಿ: ಬಿಡಿಭಾಗಗಳೂ ಸೇರಿದ್ದು ಬೇಕೋ, ಬರೀ ಸರ್ವಿಸ್ ಸಾಕೋ? ಕೊಟೇಶನ್ ತಂದ ಇಬ್ಬರು ವಿವರಿಸುತ್ತಾರೆ, ನಂತರ ತೀರ್ಮಾನ
7:23 – ಸಂಪ್ ತೊಳೆಸಲು ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ನೀರು ನಿಲ್ಲಿಸುವುದಕ್ಕೆ ಒಪ್ಪಿಗೆ
7:25 – ಇವತ್ತಿನ ತೀರ್ಮಾನ, ಯಾರು ಯಾವಾಗ ಮಾಡುತ್ತಾರೆ: ಓದಿ ಹೇಳುವುದು
7:27 – ಉಳಿಕೆ ಮೂರು ನಿಮಿಷ
7:30 – ಮುಕ್ತಾಯ

ಇಲ್ಲಿ ‘12 ನಿಮಿಷ’ ಎಂದು ಬರೆದಿಲ್ಲ, 7:03, 7:15 ಎಂದು ಬರೆದಿದೆ. ಹನ್ನೆರಡು ನಿಮಿಷ ಮುಗಿಯಿತೇ ಎಂದು ತಿಳಿಯಲು ಮಾತು ಶುರುವಾದ ಹೊತ್ತನ್ನು ಯಾರಾದರೂ ಗುರುತಿಟ್ಟುಕೊಂಡಿರಬೇಕು, ಸಾಮಾನ್ಯವಾಗಿ ಯಾರೂ ಇಟ್ಟುಕೊಂಡಿರುವುದಿಲ್ಲ. ಗಡಿಯಾರದ ಹೊತ್ತು ಬರೆದರೆ ಕೂತ ಏಳು ಜನರಿಗೂ ಗೋಡೆ ನೋಡಿದರೆ ಸಾಕು. ಆಗ ಸಮಯ ಮೀರಿತು ಎಂದು ಹೇಳುವ ಕಹಿ ಕೆಲಸ ಅಧ್ಯಕ್ಷರೊಬ್ಬರ ತಲೆಯ ಮೇಲೆ ಬೀಳುವುದಿಲ್ಲ. ವಯಸ್ಸಿನಲ್ಲಿ ಹಿರಿಯರು ಮಾತಾಡುತ್ತಿರುವಾಗ ಕಿರಿಯರು ತಡೆಯಲು ಹಿಂಜರಿಯುವ ನಮ್ಮ ಸಭೆಗಳಲ್ಲಿ ಇದು ದೊಡ್ಡ ಅನುಕೂಲ.

ವಿಷಯಗಳನ್ನು ಪ್ರಶ್ನೆಯ ರೂಪದಲ್ಲಿ ಬರೆದದ್ದಕ್ಕೂ ಕಾರಣವಿದೆ. ‘ನೀರಿನ ಸಮಸ್ಯೆ’ ಎಂದಷ್ಟೇ ಇದ್ದರೆ ಮಾತು ಬೋರ್‌ವೆಲ್‌ಗೆ, ಕಾವೇರಿ ಸಂಪರ್ಕಕ್ಕೆ, ಮೂರನೇ ಮಹಡಿಯವರು ಕಾರು ತೊಳೆಯುವುದಕ್ಕೆ ಹರಡುತ್ತದೆ. ಕರಾರು ಮಾಡಿಕೊಳ್ಳೋಣವೇ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನಬೇಕಾಗುತ್ತದೆ. ಮಾತು ಎಲ್ಲಿ ಮುಗಿಯಬೇಕು ಎಂಬುದು ಆ ಸಾಲಿನಲ್ಲೇ ಇದೆ.

ಒಂದೂವರೆ ದಿನ ಮೊದಲೇ ಕಳಿಸುವುದು ಓದಲಿ ಎಂದಷ್ಟೇ ಅಲ್ಲ. ಟ್ಯಾಂಕರಿನವರ ದರ, ಲಿಫ್ಟ್ ಕಂಪನಿಗಳ ಕೊಟೇಶನ್ ಎರಡನ್ನೂ ಸಂದೇಶದ ಜೊತೆಗೇ ಹಾಕಬೇಕು. ಸಭೆಯಲ್ಲಿ ಕಾಗದ ಕೈಯಿಂದ ಕೈಗೆ ದಾಟತೊಡಗಿದರೆ ನಾಲ್ಕೈದು ನಿಮಿಷ ಅಲ್ಲೇ ಕರಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೊನೆಗೊಂದು ಸಾಲು ಸೇರಿಸಬೇಕು: ‘ಸಮಯ ಸಾಲದು ಅನ್ನಿಸಿದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ, ಯಾವುದರಿಂದ ಕಡಿಮೆ ಮಾಡಬಹುದು ಎಂಬುದನ್ನೂ ಹೇಳಿ.’ ಹೆಚ್ಚು ಬೇಕೆನ್ನುವವರು ಎಲ್ಲಿಂದ ಎಂದೂ ಹೇಳಬೇಕಾದಾಗ ಅರ್ಧ ಗಂಟೆ ಎಷ್ಟು ಚಿಕ್ಕದೆಂದು ತಾವೇ ಕಾಣುತ್ತಾರೆ. ಆಕ್ಷೇಪ ಬರದಿದ್ದರೆ ಆ ಮಿತಿ ಎಲ್ಲರೂ ಒಪ್ಪಿದ ಮಿತಿ. ಸಭೆಯಲ್ಲಿ ಅದನ್ನು ನೆನಪಿಸಿದರೆ ಯಾರೂ ಬೇಸರ ಪಡಬೇಕಿಲ್ಲ.

ಸಭೆ ನಡೆಯುವಾಗ ಮಿತಿ ಮುರಿಯುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ತಡವಾಗಿ ಬಂದವರಿಗೆ ಹಿಂದಿನದನ್ನು ಮತ್ತೆ ಹೇಳುವುದು. ಮೂವರು ಬೇರೆ ಬೇರೆ ಹೊತ್ತಿಗೆ ಬಂದು, ತಲಾ ಎರಡು ನಿಮಿಷ ಹೇಳಿದರೆ ಆರು ನಿಮಿಷ, ಅಂದರೆ ಸಭೆಯ ಐದನೇ ಒಂದು ಭಾಗ ಹೋಯಿತು. ಅವರನ್ನು ನಮಸ್ಕಾರದಿಂದ ಬರಮಾಡಿಕೊಂಡು ಮಾತು ಮುಂದುವರಿಸಬೇಕು. ದೊಡ್ಡ ತೀರ್ಮಾನವನ್ನು 7 ಗಂಟೆಗೇ ಇಡದೆ 7:03ಕ್ಕೆ ಇಟ್ಟಿರುವುದೂ ಇದಕ್ಕಾಗಿಯೇ.

ಎರಡನೆಯದು 7:13ರ ಹೊತ್ತು. ಟ್ಯಾಂಕರ್ ಮಾತು ಕಾವೇರಿದೆ, ಇನ್ನೂ ಇಬ್ಬರು ಒಪ್ಪಿಲ್ಲ. ಆಗ ಸಮಯ ನೋಡಿಕೊಳ್ಳುವವರು, ಅವರು ಅಧ್ಯಕ್ಷರಲ್ಲದೆ ಬೇರೆಯವರಾಗಿದ್ದರೆ ಒಳ್ಳೆಯದು, “ಸರ್, ಇನ್ನು ಎರಡು ನಿಮಿಷ ಇದೆ” ಎನ್ನಬೇಕು. 7:15ಕ್ಕೆ ಅಲ್ಲ, 7:13ಕ್ಕೆ. ಮುಗಿದ ಮೇಲೆ ಹೇಳಿದರೆ ಮಾತು ಕತ್ತರಿಸಿದಂತೆ ಕೇಳುತ್ತದೆ. ಎರಡು ನಿಮಿಷ ಮೊದಲು ಹೇಳಿದರೆ ಮಾತಾಡುವವರೇ ತಮ್ಮ ಮಾತನ್ನು ಕೂಡಿಸಿಕೊಳ್ಳುತ್ತಾರೆ. 7:15ಕ್ಕೂ ತೀರ್ಮಾನ ಆಗದಿದ್ದರೆ ಅಧ್ಯಕ್ಷರು ಸಭೆಯ ಮುಂದೆ ಮೂರು ದಾರಿ ಇಡಬಹುದು: ಕೈ ಎತ್ತಿಸಿ ಈಗಲೇ ಮುಗಿಸುವುದು, ಒಪ್ಪದ ಇಬ್ಬರಿಗೇ ಜವಾಬ್ದಾರಿ ಕೊಟ್ಟು ಶನಿವಾರದೊಳಗೆ ಸಲಹೆ ಕೇಳುವುದು, ಇಲ್ಲವೇ ಉಳಿಕೆಯ ಮೂರು ನಿಮಿಷವನ್ನು ಇದಕ್ಕೇ ಕೊಟ್ಟು ಮುಂದಿನ ಹೊತ್ತುಗಳನ್ನು ಮೂರು ನಿಮಿಷ ತಳ್ಳುವುದು. ಉಳಿಕೆ ಒಮ್ಮೆ ಮಾತ್ರ ಖರ್ಚಾಗುತ್ತದೆ. ಓದಿ ಹೇಳುವ ಎರಡು ನಿಮಿಷವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು. ಅದು ಹೋದರೆ ಮಾರನೆಯ ದಿನ ಗುಂಪಿನಲ್ಲಿ ಅದೇ ಸಭೆ ಮತ್ತೆ ನಡೆಯುತ್ತದೆ.

ಎಲ್ಲವೂ ಈ ಚೌಕಟ್ಟಿಗೆ ಬರುವುದಿಲ್ಲ. ಮೇಲಿನ ಮನೆಯ ಬಾತ್‌ರೂಮಿನಿಂದ ಕೆಳಗಿನ ಮನೆಗೆ ನೀರು ಸೋರಿ ಎರಡು ಕುಟುಂಬಗಳು ಮುನಿಸಿಕೊಂಡಿದ್ದರೆ, ಎಂಟು ನಿಮಿಷದ ಮಿತಿ ಇಬ್ಬರಿಗೂ ಅವಮಾನ ಅನ್ನಿಸುತ್ತದೆ. ಅಂಥದ್ದಕ್ಕೆ ಸಮಿತಿಯ ಇಬ್ಬರು ಅವರ ಮನೆಗೇ ಹೋಗಿ, ಕೂತು, ಪೂರ್ತಿ ಕೇಳಿಸಿಕೊಳ್ಳಬೇಕು.

ಸಭೆ ಮುಗಿದ ಮೇಲೆ ಅದೇ ಸಂದೇಶದ ಪಕ್ಕದಲ್ಲಿ ನಿಜವಾಗಿ ಆದ ಹೊತ್ತನ್ನು ಬರೆದಿಡಿ. ನಾಲ್ಕೈದು ಸಭೆಗಳ ನಂತರ ತಿರುಗಿಸಿ ನೋಡಿದರೆ ತಪ್ಪು ಎಲ್ಲಿದೆ ಎಂದು ತಿಳಿಯುತ್ತದೆ. ಪ್ರತಿ ಸಲವೂ ಕೊನೆಯ ವಿಷಯವೇ ಬಿಟ್ಟುಹೋಗಿದ್ದರೆ ವಿಷಯಗಳೇ ಹೆಚ್ಚಾಗಿವೆ, ಒಂದನ್ನು ತೆಗೆಯಬೇಕು. ಪ್ರತಿ ಸಲವೂ ಹಣದ ವಿಷಯವೇ ಮೀರುತ್ತಿದ್ದರೆ ಲೆಕ್ಕದ ಕಾಗದ ಸದಸ್ಯರಿಗೆ ಮೊದಲೇ ಸಿಗುತ್ತಿಲ್ಲ ಎಂದರ್ಥ. ಆಗ ನಿಮಿಷ ಹೆಚ್ಚಿಸುವ ಬದಲು, ಖಜಾಂಚಿಯವರಿಂದ ಆ ಕಾಗದವನ್ನು ಒಂದು ದಿನ ಮುಂಚೆ ಕೇಳಿ ಪಡೆಯಬೇಕು.