ಬರೀ ವರದಿಗೆ ಮೀಟಿಂಗ್ ಯಾಕೆ?

ಸೋಮವಾರ ಬೆಳಗ್ಗೆ 8 ಜನ 45 ನಿಮಿಷ ಕೂತು, ಒಬ್ಬೊಬ್ಬರಾಗಿ ಕಳೆದ ವಾರದ ಕೆಲಸ ಒಪ್ಪಿಸುವ ಮೀಟಿಂಗ್ ಎಂದರೆ ಕಚೇರಿಗೆ 6 ಗಂಟೆ ಖರ್ಚು. ಅಲ್ಲಿ ಚರ್ಚೆಯಿಲ್ಲ, ತೀರ್ಮಾನವಿಲ್ಲ, ಬರೀ ವರದಿ. ಅದನ್ನು ಓದಲು 5 ನಿಮಿಷ ಸಾಕು.

ಹಾಗೆಂದು ‘ಈ ಮೀಟಿಂಗ್ ದಂಡ’ ಎಂದರೆ ಮೇಲಧಿಕಾರಿಗೆ ಚುಚ್ಚುತ್ತದೆ. ಬದಲಿ ದಾರಿಯನ್ನೂ ಜೊತೆಗೇ ಕೊಡಬೇಕು: ‘ಸರ್, ಈ ವಾರ ಬರೀ ಮಾಹಿತಿ ಇದ್ದ ಹಾಗಿದೆ. ಎಲ್ಲರೂ 10 ಗಂಟೆಯೊಳಗೆ ಶೀಟ್‌ನಲ್ಲಿ ಬರೆದುಬಿಡೋಣವೇ? ಎರಡು ವಾರ ನೋಡೋಣ. ತೀರ್ಮಾನ ಆಗಬೇಕಾದ್ದು ಇದ್ದರೆ ಅದೇ ಸಮಯಕ್ಕೆ ಕೂರೋಣ.’

ಶೀಟ್‌ನಲ್ಲಿ ಮೂರೇ ಕಾಲಂ: ಮುಗಿದದ್ದು, ಮುಂದಿನದು, ಎಲ್ಲಿ ನಿಂತಿದೆ. ಮೂರನೆಯದೇ ಮುಖ್ಯ. ‘ಬಿಲ್ ಬಾಕಿ’ ಎಂದು ಬರೆದರೆ ಯಾರೂ ಅಲುಗುವುದಿಲ್ಲ. ‘ಬಿಲ್‌ಗೆ ಅಕೌಂಟ್ಸ್‌ನವರ ಸಹಿ ಬುಧವಾರದೊಳಗೆ ಬೇಕು’ ಎಂದರೆ ಕೆಲಸ ಯಾರದೆಂದು ಗೊತ್ತಾಗುತ್ತದೆ.

ಬರೆದದ್ದನ್ನೇ ಜನ ಮತ್ತೆ ಫೋನ್ ಮಾಡಿ ಕೇಳುತ್ತಿದ್ದರೆ ಯಾರೂ ಓದುತ್ತಿಲ್ಲವೆಂದೇ ಲೆಕ್ಕ. ಒಂದೇ ಮೇಲ್‌ಗೆ ಉತ್ತರದ ಮೇಲೆ ಉತ್ತರ ಬರತೊಡಗಿದರೆ ಅದು ಚರ್ಚೆ. ಕೂತು ಮಾತಾಡುವುದೇ ಲೇಸು. ವರ್ಗಾವಣೆ, ಕೆಲಸ ಕಡಿತದಂಥ ಕಹಿ ಸುದ್ದಿಯನ್ನಂತೂ ಮೇಲ್‌ನಲ್ಲಿ ಮುಗಿಸಬೇಡಿ. ಮುಖ ನೋಡಿಯೇ ಹೇಳಿ.