ರಕ್ತದ ಕ್ಯಾನ್ಸರಿಗೆ ಎರಡೂವರೆ ವರ್ಷದ ಮದ್ದು

1947ರ ಕೊನೆಯಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ತಗುಲಿದ ಮಕ್ಕಳಿಗೆ ಅಮಿನೊಪ್ಟೆರಿನ್ ಕೊಟ್ಟರು. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಸಿದ್ಧಪಡಿಸಿದ್ದ ಔಷಧಿ ಅದು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಓಡಾಡಿದರು. ಕೆಲವೇ ತಿಂಗಳಲ್ಲಿ ರೋಗ ಮರಳಿತು. ಮುಂದೆ ಹೊಸ ಔಷಧಿಗಳು ಒಂದೊಂದಾಗಿ ಬಂದರೂ ಉಳಿದ ಮಕ್ಕಳು ತೀರಾ ವಿರಳ. 1962ರಲ್ಲಿ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್, ಇದ್ದ ಔಷಧಿಗಳನ್ನೇ ಹಂತಹಂತವಾಗಿ ಜೋಡಿಸತೊಡಗಿದರು. ಆ ದಶಕದ ಕೊನೆಯ ಹೊತ್ತಿಗೆ ಅವರ ಬಳಿ ಅರ್ಧದಷ್ಟು ಮಕ್ಕಳು ಗುಣವಾಗುತ್ತಿದ್ದರು. ಇಂದು ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ.

ಈ ಹಂತಗಳು ಏಕೆ ಬೇಕು? ಬ್ಯಾಡಗಿಯ ಐದು ವರ್ಷದ ಮಗುವೊಂದಕ್ಕೆ ರೋಗ ಪತ್ತೆಯಾಯಿತು ಎಂದಿಟ್ಟುಕೊಳ್ಳೋಣ. ಆಗ ಮೈಯಲ್ಲಿ ಹೆಚ್ಚೂಕಡಿಮೆ ಲಕ್ಷ ಕೋಟಿ ರೋಗಕಣಗಳಿರುತ್ತವೆ. ಮೊದಲ ತಿಂಗಳು ದಿನವೂ ಸ್ಟೀರಾಯ್ಡ್, ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್, ಜೊತೆಗೆ ಆಸ್ಪರಾಜಿನೇಸ್. ತಿಂಗಳ ಕೊನೆಗೆ ಸೂಕ್ಷ್ಮದರ್ಶಕದಲ್ಲಿ ಮಜ್ಜೆ ಶುಭ್ರವಾಗಿ ಕಾಣುತ್ತದೆ, ಮಗು ಉಂಡು ಆಡುತ್ತದೆ. ಆದರೂ ಕಣ್ಣಿಗೆ ಬೀಳದ ಕೋಟಿಗಟ್ಟಲೆ ಕಣಗಳು ಉಳಿದಿರಬಹುದು. ಫಾರ್ಬರ್ ಅವರ ಮಕ್ಕಳನ್ನು ಕೊಂದದ್ದು ಇವೇ. ಅದಕ್ಕೇ ಎರಡನೇ ಹಂತದಲ್ಲಿ ಔಷಧಿ ಬದಲಿಸಿ ಮತ್ತೆ ಹೊಡೆಯುತ್ತಾರೆ. ರಕ್ತದಲ್ಲಿನ ಔಷಧಿ ಮಿದುಳಿಗೆ ಸರಿಯಾಗಿ ಇಳಿಯದು, ರೋಗ ಅಲ್ಲಿ ಅಡಗುತ್ತದೆ. ಆದ್ದರಿಂದ ಬೆನ್ನುಹುರಿಯ ದ್ರವಕ್ಕೇ ಮೆಥೊಟ್ರೆಕ್ಸೇಟ್ ಚುಚ್ಚುತ್ತಾರೆ. ಕೊನೆಗೆ ಸುಮಾರು ಎರಡು ವರ್ಷ ಮನೆಯಲ್ಲೇ ಮಾತ್ರೆ: ದಿನವೂ ಮರ್‌ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮಾತ್ರ ಮೆಥೊಟ್ರೆಕ್ಸೇಟ್. ಸುಮ್ಮನೆ ಮಲಗಿದ ಕಣ ಎಂದಾದರೂ ಎಚ್ಚೆತ್ತು ಒಡೆಯಲು ಹೊರಟಾಗ ಔಷಧಿ ಅಲ್ಲಿರಬೇಕು. ಬಿಳಿ ರಕ್ತಕಣಗಳ ಎಣಿಕೆ ನೋಡಿ ಪ್ರಮಾಣ ಏರಿಳಿಸುತ್ತಾರೆ. ಎಣಿಕೆ ತಿಂಗಳುಗಟ್ಟಲೆ ಇಳಿಯದೇ ಇದ್ದರೆ, ಪ್ರಮಾಣ ಸಾಲದು ಇಲ್ಲವೇ ಮಾತ್ರೆ ತಪ್ಪುತ್ತಿದೆ ಎಂದು ವೈದ್ಯರು ಅನುಮಾನಿಸುತ್ತಾರೆ.

ಮಕ್ಕಳ ರೋಗವೇ ಸೌಮ್ಯ, ಹಂತಗಳದ್ದೇನು ಹೆಚ್ಚುಗಾರಿಕೆ ಎನ್ನಬಹುದು. ಅದರಲ್ಲಿ ಅರ್ಧ ಸತ್ಯವಿದೆ. ಮಕ್ಕಳ ರೋಗಕಣಗಳಲ್ಲಿ ವಂಶವಾಹಿ ದೋಷಗಳು ಕಡಿಮೆ, ಅವರ ಯಕೃತ್ತು, ಹೃದಯ ಔಷಧಿಯನ್ನು ತಡೆದುಕೊಳ್ಳುತ್ತವೆ. ದಶಕಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದ ಗಡ್ಡೆಯಲ್ಲಿ ಔಷಧಿಗೆ ಜಗ್ಗದ ಕಣಗಳು ಮೊದಲೇ ಹುಟ್ಟಿರುತ್ತವೆ. ಅದು ಹರಡಿದ ಮೇಲೆ ಈ ಕ್ರಮವೂ ಗುಣಪಡಿಸದು. ಆದರೆ ಅಮೆರಿಕದಲ್ಲಿ ಇದೇ ಲ್ಯುಕೇಮಿಯಾದ 16ರಿಂದ 20 ವಯಸ್ಸಿನವರನ್ನು ಹೋಲಿಸಿ 2008ರಲ್ಲಿ ವರದಿ ಪ್ರಕಟವಾಯಿತು. ಮಕ್ಕಳ ಕ್ರಮದಲ್ಲಿ ಚಿಕಿತ್ಸೆ ಪಡೆದವರಲ್ಲಿ ಏಳು ವರ್ಷ ಬದುಕಿದವರು ಶೇ. 67, ದೊಡ್ಡವರ ಕ್ರಮದಲ್ಲಿ ಶೇ. 46. ವಯಸ್ಸು ಒಂದೇ ಇದ್ದಾಗಲೂ ಇಷ್ಟು ಅಂತರ ಬಿದ್ದರೆ, ಎಲ್ಲವನ್ನೂ ಎಳೆತನದ ಲೆಕ್ಕಕ್ಕೆ ಹಾಕುವಂತಿಲ್ಲ.

ಹಾವೇರಿ, ರಾಣೆಬೆನ್ನೂರು ಕಡೆಯವರಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನ ಕಿದ್ವಾಯಿ ಇದೆ. ಮಗು ಚೇತರಿಸಿಕೊಂಡಿತೆಂದು ನಡುವೆ ಬಿಟ್ಟರೆ ರೋಗ ಮರಳುತ್ತದೆ, ಮರಳಿದ್ದನ್ನು ಗುಣಪಡಿಸುವುದು ಬಹಳ ಕಷ್ಟ. ವೈದ್ಯರು ನಿಲ್ಲಿಸಿ ಎನ್ನುವವರೆಗೂ ಮಾತ್ರೆ ಬಿಡಬೇಡಿ. ಚಿಕಿತ್ಸೆಯ ನಡುವೆ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ.